ಎರಡು ಭಾಷೆಯ ಕರಾರಿನಲ್ಲಿ ಯಾವುದರ ಮಾತು ನಡೆಯುತ್ತದೆ?

ಮಧುಗಿರಿ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವ ಹೋದ ವರ್ಷ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕರಾರು ಪತ್ರ ಹಿಡಿದುಕೊಂಡು ತುಮಕೂರಿನ ನಮ್ಮ ಮನೆಗೆ ಬಂದರು. ಸೋಲಾರ್ ಕಂಪನಿಯೊಂದು ಅವರ ಜಮೀನನ್ನು 28 ವರ್ಷದ ಗುತ್ತಿಗೆಗೆ ಕೇಳಿತ್ತು. ಪಕ್ಕದ ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದ ಮೇಲೆ ನಮ್ಮ ಕಡೆ ಇಂಥ ಮಾತುಕತೆ ಹೊಸದೇನಲ್ಲ. ಪತ್ರದಲ್ಲಿ ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. "ಕನ್ನಡ ಪೂರ್ತಿ ಓದಿದ್ದೀನಮ್ಮಾ, ಎಲ್ಲಾ ಸರಿಯಾಗೇ ಇದೆ. ಸಹಿ ಎಲ್ಲೆಲ್ಲಿ ಹಾಕಬೇಕು ಅಂತ ಮಾತ್ರ ತೋರಿಸು" ಅಂದರು.

ವಕೀಲರ ಕಚೇರಿಗಳಿಗೆ ದಸ್ತಾವೇಜುಗಳನ್ನು ಅನುವಾದಿಸಿ ಕೊಡುವುದು ನನ್ನ ಕೆಲಸ. ಹಾಗಾಗಿ ನಾನು ಮೊದಲು ತಿರುವಿದ್ದು ಕೊನೆಯ ಹಾಳೆಗಳನ್ನು. ಅಲ್ಲಿ ಒಂದು ಸಾಲು ಇತ್ತು: ಕನ್ನಡ ಹಾಗೂ ಇಂಗ್ಲಿಷ್ ಪ್ರತಿಗಳ ನಡುವೆ ವ್ಯತ್ಯಾಸ ಕಂಡುಬಂದಲ್ಲಿ ಇಂಗ್ಲಿಷ್ ಪ್ರತಿಯೇ ಅಂತಿಮ. ಮಾವ ಓದಿದ್ದು ಮಾತು ನಡೆಯದ ಪ್ರತಿಯನ್ನು. ಆ ಪತ್ರವನ್ನು ನಾವಿಬ್ಬರೂ ಕೂತು ಎರಡು ದಿನ ಓದಿದೆವು. ಓದಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜಮೀನಿನ ಗುತ್ತಿಗೆಯಾಗಲಿ, ಮೊಬೈಲ್ ಟವರಿನ ಬಾಡಿಗೆಯಾಗಲಿ, ಮಿಡಿಸೌತೆಯ ಒಪ್ಪಂದ ಬೇಸಾಯವಾಗಲಿ, ಎರಡು ಭಾಷೆಯಲ್ಲಿ ಬಂದ ಪತ್ರಕ್ಕೆಲ್ಲ ಇದೇ ಕ್ರಮ ಸಾಕು.

ಮೊದಲು ಕೊನೆಯ ಹಾಳೆ

ಯಾವ ಭಾಷೆಯ ಪ್ರತಿ ಅಂತಿಮ ಎಂದು ಹೇಳುವ ಕಲಂ ಸಾಮಾನ್ಯವಾಗಿ ಪತ್ರದ ಕೊನೆಯಲ್ಲಿ, 'ಇತರೆ ಷರತ್ತುಗಳು' ಎಂಬ ತಲೆಬರಹದ ಕೆಳಗೆ, ನೋಟಿಸ್ ಕಳಿಸುವ ವಿಳಾಸದ ಆಸುಪಾಸಿನಲ್ಲಿ ಇರುತ್ತದೆ. ಅದನ್ನು ಹುಡುಕಿ ಎರಡೂ ಭಾಷೆಯಲ್ಲಿ ಓದಿ. ಎರಡೂ ಭಾಷೆಯಲ್ಲಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಕಲಮೇ ಎರಡು ಕಡೆ ಬೇರೆ ಬೇರೆಯಾಗಿ ಇರುವುದನ್ನು ನಾನು ಕಂಡಿದ್ದೇನೆ. ಇಂಗ್ಲಿಷಿನಲ್ಲಿ "ಇಂಗ್ಲಿಷ್ ಪ್ರತಿಯೇ ಅಂತಿಮ" ಎಂದಿದ್ದರೆ, ಕನ್ನಡದಲ್ಲಿ "ಸಂದೇಹ ಬಂದಲ್ಲಿ ಇಂಗ್ಲಿಷ್ ಪ್ರತಿಯನ್ನು ನೋಡಬಹುದು" ಎಂದಿರುತ್ತದೆ. ನೋಡಬಹುದು ಅನ್ನುವುದಕ್ಕೂ ಅದೇ ಅಂತಿಮ ಅನ್ನುವುದಕ್ಕೂ ಬಹಳ ಅಂತರವಿದೆ. ಹೀಗಿದ್ದರೆ ಯಾವ ಪ್ರತಿ ಮೇಲು ಎಂಬುದೇ ಜಗಳದ ವಿಷಯವಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಮೊದಲನೆಯದಾಗಿ ಇದನ್ನೇ ಬರೆದುಕೊಳ್ಳಬೇಕು.

ಕಲಂ ನಾಲ್ಕು ಬಗೆಯಲ್ಲಿ ಬರಬಹುದು. ಒಂದು ಭಾಷೆ ಅಂತಿಮ ಎಂದು ನೇರವಾಗಿ ಹೇಳಿರಬಹುದು. ಒಂದು ಪ್ರತಿ "ಅನುಕೂಲಕ್ಕಾಗಿ ಮಾತ್ರ ಕೊಟ್ಟ ಅನುವಾದ" ಎಂದಿರಬಹುದು. ಇದು ಇನ್ನೂ ಬಿಗಿಯಾದ ಮಾತು, ಏಕೆಂದರೆ ಆಗ ಆ ಪ್ರತಿ ಕರಾರಿನ ಭಾಗವೇ ಅಲ್ಲ ಎಂದು ವಾದಿಸಲು ದಾರಿಯಾಗುತ್ತದೆ. ಎರಡೂ ಪ್ರತಿಗಳಿಗೆ ಸಮಾನ ಬೆಲೆ ಎಂದಿರಬಹುದು. ಆಗ ಎರಡನ್ನೂ ಕೂಡಿಸಿ ಓದಿ, ಎರಡಕ್ಕೂ ಹೊಂದುವ ಅರ್ಥವನ್ನು ಹುಡುಕಬೇಕಾಗುತ್ತದೆ. ನಾಲ್ಕನೆಯದಾಗಿ, ಏನೂ ಹೇಳದೆ ಬಿಟ್ಟಿರಬಹುದು. ಹಾಗೆ ಬಿಟ್ಟಿದ್ದರೆ ನೀವೇ ಮುಂದಾಗಿ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಅದರ ಹತ್ತಿರವೇ ಮಧ್ಯಸ್ಥಿಕೆಯ ಕಲಂ ಇದ್ದರೆ ಅದನ್ನೂ ಓದಿ. 1996ರ ಮಧ್ಯಸ್ಥಿಕೆ ಕಾಯ್ದೆಯ ಪ್ರಕಾರ ವಿಚಾರಣೆ ಯಾವ ಭಾಷೆಯಲ್ಲಿ ನಡೆಯಬೇಕು ಎಂಬುದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಳ್ಳಬಹುದು. ಇಂಗ್ಲಿಷ್ ಅಂತಿಮ, ವಿಚಾರಣೆಯೂ ಇಂಗ್ಲಿಷಿನಲ್ಲಿ ಎಂದು ಎರಡು ಕಡೆ ಬರೆದಿದ್ದರೆ, ಜಗಳ ಎದ್ದ ದಿನ ನಿಮ್ಮ ಕೈಯಲ್ಲಿರುವ ಕನ್ನಡ ಹಾಳೆಗಳು ಮೇಜಿನ ಮೇಲೆ ಬರುವುದೇ ಕಷ್ಟ.

ಇನ್ನೊಂದು ಸಾಲನ್ನು ಮರೆಯಬೇಡಿ. ಅದು ಸಹಿಯ ಜಾಗದ ಮೇಲಿನ ಸಾಲು. "ಈ ಪತ್ರವನ್ನು ನನಗೆ ಓದಿ ಹೇಳಲಾಗಿದ್ದು, ಅರ್ಥ ಮಾಡಿಕೊಂಡು ಸಹಿ ಮಾಡಿರುತ್ತೇನೆ" ಎಂಬ ಮಾತು ಅಲ್ಲಿರುತ್ತದೆ. ಯಾವ ಪ್ರತಿಯನ್ನು ಓದಿ ಹೇಳಿದರು? ಓದಿದ್ದು ಕನ್ನಡ ಪ್ರತಿಯನ್ನು ಮಾತ್ರ ಆಗಿದ್ದರೆ "ಕನ್ನಡ ಪ್ರತಿಯನ್ನು ಓದಿ ಹೇಳಲಾಗಿದೆ" ಎಂದೇ ಬರೆಸಿ. ಮುಂದೆ ತೊಂದರೆ ಬಂದಾಗ ನಿಮಗೆ ತಿಳಿಸಿದ್ದು ಏನನ್ನು ಎಂದು ತೋರಿಸಲು ಆ ಒಂದು ಪದ ಉಪಯೋಗಕ್ಕೆ ಬರುತ್ತದೆ.

ಮಾತು ನಡೆಯದ ಪ್ರತಿಯನ್ನೇ ಮೊದಲು ಓದಿ

ಇದು ತಿರುಗುಮುರುಗು ಅನ್ನಿಸಬಹುದು. ಇಂಗ್ಲಿಷೇ ಅಂತಿಮವಾದರೆ ಅದನ್ನೇ ಓದಿದರೆ ಸಾಲದೇ ಎಂದು ಮಾವನೂ ಕೇಳಿದರು. ಸಾಲದು. ಇಂಗ್ಲಿಷ್ ಓದಿ ಅರ್ಥ ತಲೆಯಲ್ಲಿ ಕೂತ ಮೇಲೆ ಕನ್ನಡಕ್ಕೆ ಬಂದರೆ, ಅಲ್ಲಿ ಇಲ್ಲದ ಪದವನ್ನೂ ಕಣ್ಣು ತಾನೇ ತುಂಬಿಕೊಂಡು ಓದುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದ ನನಗೂ ಹಾಗೇ ಆಗುತ್ತದೆ. ಅದಕ್ಕೇ ಇಂಗ್ಲಿಷ್ ಭಾಗವನ್ನು ಬಿಳಿ ಹಾಳೆಯಿಂದ ಮುಚ್ಚಿಟ್ಟು ಮೊದಲು ಕನ್ನಡವನ್ನಷ್ಟೇ ಓದಿ, ಪ್ರತಿ ಕಲಂ ಏನು ಹೇಳುತ್ತಿದೆ ಎಂಬುದನ್ನು ನಿಮ್ಮ ಮಾತಿನಲ್ಲಿ ಒಂದೊಂದು ಸಾಲು ಬರೆದುಕೊಳ್ಳಿ. ಯಾರು, ಏನನ್ನು, ಯಾವಾಗ, ಎಷ್ಟು ಎಂಬ ನಾಲ್ಕಕ್ಕೂ ಆ ಸಾಲಿನಲ್ಲಿ ಉತ್ತರ ಇರಬೇಕು. ಉತ್ತರ ಸಿಗದ ಕಡೆ ಊಹಿಸಿ ಬರೆಯಬೇಡಿ, ಪ್ರಶ್ನೆ ಚಿಹ್ನೆ ಹಾಕಿ.

ಆಮೇಲೆ ಕನ್ನಡವನ್ನು ಮುಚ್ಚಿ ಇಂಗ್ಲಿಷನ್ನು ಅದೇ ರೀತಿ ಓದಿ, ಅದರ ಸಾಲುಗಳನ್ನು ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಇಂಗ್ಲಿಷ್ ಬಾರದವರು ಈ ಭಾಗವನ್ನು ಗೊತ್ತಿರುವವರಿಂದ ಮಾಡಿಸಿಕೊಳ್ಳಬೇಕು. ಆದರೆ ಅವರಿಗೆ ಕನ್ನಡ ಪ್ರತಿಯನ್ನು ತೋರಿಸಬೇಡಿ. "ಇದು ಏನು ಹೇಳುತ್ತೆ, ನನಗೆ ಹೇಳಿ" ಅಂತ ಇಂಗ್ಲಿಷ್ ಪ್ರತಿಯನ್ನು ಮಾತ್ರ ಕೊಡಿ. ಕನ್ನಡ ಪಕ್ಕದಲ್ಲಿದ್ದರೆ ಅವರು ಅದನ್ನೇ ಓದಿ ಹೇಳಿಬಿಡುತ್ತಾರೆ.

ಕೊನೆಗೆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಡಿ. ಮೊದಲು ಕಲಮುಗಳ ಸಂಖ್ಯೆ ಕೂಡುತ್ತದೆಯೇ ನೋಡಿ. ಒಂದು ಕಡೆ 14.3ರ ತನಕ ಇದ್ದು ಇನ್ನೊಂದು ಕಡೆ 14.2ಕ್ಕೇ ನಿಂತಿದ್ದರೆ ಒಂದು ಕಲಂ ಅನುವಾದವೇ ಆಗಿಲ್ಲ ಎಂದರ್ಥ. ಒಂದು ಪ್ರತಿ ಮೌನವಾಗಿದ್ದು ಇನ್ನೊಂದು ಹೇಳಿದ್ದರೆ ಅದೂ ವ್ಯತ್ಯಾಸವೇ. ಅಂತಿಮ ಪ್ರತಿಯಲ್ಲಿ ಇರುವ ಕಲಂ ನಿಮ್ಮ ಪ್ರತಿಯಲ್ಲಿ ಇಲ್ಲದಿದ್ದರೂ ನಿಮ್ಮನ್ನು ಕಟ್ಟಿಹಾಕುತ್ತದೆ.

ಸಂಖ್ಯೆ ಕೂಡಿದ ಮೇಲೆ ಉಳಿದದ್ದು ಅರ್ಥದ ಹೋಲಿಕೆ. ಮಾವನ ಪತ್ರದಲ್ಲಿ ನಮಗೆ ಸಿಕ್ಕ ಐದು ಜಾಗಗಳನ್ನು ಒಂದೊಂದಾಗಿ ಹೇಳುತ್ತೇನೆ. ಬೇರೆ ಪತ್ರಗಳಲ್ಲೂ ಅರ್ಥ ಜಾರುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ.

ಚುಕ್ಕೆಯೊಳಗೆ ಹೋದ 12 ಗುಂಟೆ

ಕನ್ನಡದಲ್ಲಿ ಜಮೀನಿನ ವಿಸ್ತೀರ್ಣ "3 ಎಕರೆ 20 ಗುಂಟೆ". ಇಂಗ್ಲಿಷಿನ ಷೆಡ್ಯೂಲಿನಲ್ಲಿ "3.20 ಎಕರೆ". ಅಂಕಿ ಅದೇ ತಾನೇ ಎಂದು ಮಾವ ಮುಂದೆ ಹೋಗುತ್ತಿದ್ದರು.

ಎಕರೆಗೆ 40 ಗುಂಟೆ. ಪಹಣಿಯಲ್ಲಿ 3.20 ಎಂದು ಚುಕ್ಕೆ ಇಟ್ಟು ಬರೆದರೆ ಚುಕ್ಕೆಯ ಆಚೆಗಿರುವುದು ಗುಂಟೆ, ಅಂದರೆ ಮೂರೂವರೆ ಎಕರೆ. ಆ ಅಂಕಿಯನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿ "3.20 ಎಕರೆ" ಎಂದು ಬರೆದರೆ ಅದು ದಶಮಾಂಶವಾಗುತ್ತದೆ. ಎಕರೆಯ 0.20 ಭಾಗ ಎಂದರೆ 8 ಗುಂಟೆ. ಹೀಗೆ ಇಂಗ್ಲಿಷ್ ಪ್ರತಿಯಲ್ಲಿ ಜಮೀನು 3 ಎಕರೆ 8 ಗುಂಟೆಗೆ ಇಳಿದಿತ್ತು. ಸರ್ವೆ ನಂಬರು, ಚಕ್ಕುಬಂದಿ ಎರಡೂ ಪೂರ್ತಿ ಜಮೀನಿನವೇ, ಆದ್ದರಿಂದ ಬೇಲಿ ಬೀಳುವುದು ಮೂರೂವರೆ ಎಕರೆಗೆ. ಬಾಡಿಗೆ ಮಾತ್ರ ಬೇರೆ ಲೆಕ್ಕ. ಎಕರೆಗೆ ವರ್ಷಕ್ಕೆ 25,000 ರೂಪಾಯಿಯಂತೆ 87,500 ಬರಬೇಕಾಗಿದ್ದಲ್ಲಿ, ಇಂಗ್ಲಿಷ್ ಅನುಬಂಧದಲ್ಲಿ 80,000 ಎಂದೇ ಅಚ್ಚಾಗಿತ್ತು. ವರ್ಷಕ್ಕೆ 7,500, 28 ವರ್ಷಕ್ಕೆ ಏರಿಕೆಯನ್ನು ಬಿಟ್ಟರೂ 2,10,000 ರೂಪಾಯಿ.

ಇದರಲ್ಲಿ ಯಾರ ಮೋಸವೂ ಇರಬೇಕಾಗಿಲ್ಲ. ಪಹಣಿ ನೋಡಿ ಟೈಪ್ ಮಾಡಿದವರಿಗೆ ಆ ಚುಕ್ಕೆಯ ಅರ್ಥ ಗೊತ್ತಿಲ್ಲದಿದ್ದರೆ ಸಾಕು. ವಿಸ್ತೀರ್ಣವನ್ನು ಎರಡೂ ಭಾಷೆಯಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಗುಂಟೆ ಎಂಬ ಪದ ಇಂಗ್ಲಿಷ್ ಪ್ರತಿಯಲ್ಲೂ ಇರಲೇಬೇಕು.

ದೊಡ್ಡಕ್ಷರ ಕನ್ನಡಕ್ಕಿಲ್ಲ

ಬಾಡಿಗೆ ಏರಿಕೆಯ ಕಲಂ ಕನ್ನಡದಲ್ಲಿ ಹೀಗಿತ್ತು: "ಪ್ರತಿ ಎರಡು ವರ್ಷಕ್ಕೊಮ್ಮೆ ಬಾಡಿಗೆಯ ಮೇಲೆ ಶೇ 5ರಷ್ಟು ಹೆಚ್ಚಿಸತಕ್ಕದ್ದು." ಓದಿದ ಯಾರಿಗಾದರೂ ಆಗ ನಡೆಯುತ್ತಿರುವ ಬಾಡಿಗೆಯ ಮೇಲೆ ಎಂದೇ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ 'ಬೇಸ್ ರೆಂಟ್' ಮೇಲೆ ಶೇ 5 ಎಂದಿತ್ತು. ಆ ಎರಡು ಪದಗಳೂ ದೊಡ್ಡಕ್ಷರದಿಂದ ಶುರುವಾಗಿದ್ದವು. ಇಂಗ್ಲಿಷ್ ಕರಾರುಗಳಲ್ಲಿ ವಾಕ್ಯದ ನಡುವೆ ದೊಡ್ಡಕ್ಷರ ಬಂದರೆ ಆ ಪದಕ್ಕೆ ಪತ್ರದ ಆರಂಭದಲ್ಲಿ ಒಂದು ವ್ಯಾಖ್ಯೆ ಕೊಟ್ಟಿದ್ದಾರೆ ಎಂಬುದರ ಗುರುತು. ಮೊದಲ ಕಲಮಿಗೆ ಹೋಗಿ ನೋಡಿದರೆ ಬೇಸ್ ರೆಂಟ್ ಎಂದರೆ ಎಕರೆಗೆ 25,000 ಎಂದು ಬರೆದಿತ್ತು. ಅಂದರೆ ಏರಿಕೆ ಯಾವಾಗಲೂ ಮೂಲ ಬಾಡಿಗೆಯ ಮೇಲೆ.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಇಲ್ಲ. ಆ ಗುರುತು ಅನುವಾದದಲ್ಲಿ ಅಳಿಸಿಹೋಗಿ 'ಬೇಸ್ ರೆಂಟ್' ಬರೀ 'ಬಾಡಿಗೆ' ಆಗಿಬಿಟ್ಟಿತ್ತು. ಇದರಿಂದ ಆಗುವ ವ್ಯತ್ಯಾಸ ಮೊದಲಿಗೆ ಕಾಣುವುದೇ ಇಲ್ಲ. ಮೂರನೇ ವರ್ಷ ಎರಡೂ ಲೆಕ್ಕದಲ್ಲಿ ಎಕರೆಗೆ 26,250. ಐದನೇ ವರ್ಷ ಒಂದರಲ್ಲಿ 27,562, ಇನ್ನೊಂದರಲ್ಲಿ 27,500. ಅರವತ್ತು ರೂಪಾಯಿಗೆ ಯಾರೂ ಜಗಳಕ್ಕೆ ಹೋಗುವುದಿಲ್ಲ. ಆದರೆ 28 ವರ್ಷದಲ್ಲಿ ಹದಿಮೂರು ಸಲ ಏರಿಕೆ ಬರುತ್ತದೆ. ಕೊನೆಯ ಎರಡು ವರ್ಷ ಬಾಡಿಗೆ ಕನ್ನಡದ ಅರ್ಥದಲ್ಲಿ ಎಕರೆಗೆ ಸುಮಾರು 47,141, ಇಂಗ್ಲಿಷಿನ ಅರ್ಥದಲ್ಲಿ 41,250. ಮೂರೂವರೆ ಎಕರೆಗೆ ವರ್ಷಕ್ಕೆ ಇಪ್ಪತ್ತು ಸಾವಿರ ದಾಟುವ ವ್ಯತ್ಯಾಸ.

ಇದಕ್ಕೆ ನಾನು ಮಾಡುವುದು ಇಷ್ಟು. ಇಂಗ್ಲಿಷ್ ಪ್ರತಿಯ ವ್ಯಾಖ್ಯೆಗಳ ಕಲಮಿನಲ್ಲಿರುವ ಪದಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಕನ್ನಡದಲ್ಲಿ ಪ್ರತಿಯೊಂದಕ್ಕೂ ಯಾವ ಪದ ಬಳಸಿದ್ದಾರೆ ಎಂದು ಎದುರಿಗೆ ಬರೆಯುತ್ತೇನೆ. ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಒಂದು ಕಡೆ 'ಗುತ್ತಿಗೆ', ಇನ್ನೊಂದು ಕಡೆ 'ಭೋಗ್ಯ' ಎಂದಿದ್ದರೆ ಅಲ್ಲಿ ನಿಲ್ಲುತ್ತೇನೆ. ನಮ್ಮ ಕಡೆ ಭೋಗ್ಯ ಎಂದರೆ ದುಡ್ಡು ಕೊಟ್ಟು ಸ್ವಾಧೀನ ಪಡೆದು, ದುಡ್ಡು ವಾಪಸ್ ಬಂದಾಗ ಬಿಟ್ಟುಕೊಡುವ ವ್ಯವಹಾರ. ಅದಕ್ಕೂ ವರ್ಷ ವರ್ಷ ಬಾಡಿಗೆ ಬರುವ ಗುತ್ತಿಗೆಗೂ ಸಂಬಂಧವಿಲ್ಲ. ಹಾಗೇ ಇಂಗ್ಲಿಷಿನ 'ಲೆಸರ್', 'ಲೆಸೀ' ಎಂಬ ಎರಡು ಪದಗಳು ನೋಡಲು ಒಂದೇ ಥರ ಇರುತ್ತವೆ. ಮೊದಲನೆಯದು ಜಮೀನು ಕೊಡುವವರು, ಎರಡನೆಯದು ಪಡೆಯುವವರು. ಅದಲು ಬದಲಾಗಿ ಟೈಪ್ ಆಗಿರುವ ಪತ್ರಗಳು ಅಪರೂಪವಲ್ಲ. ಪೆನ್ಸಿಲ್ಲಿನಲ್ಲಿ ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಬಣ್ಣ ಹಾಕುತ್ತಾ ಹೋದರೆ ತಪ್ಪಿದ ಜಾಗ ಎದ್ದು ಕಾಣುತ್ತದೆ.

ರದ್ದುಪಡಿಸಬಹುದು, ಯಾರು?

ಕನ್ನಡ ಪ್ರತಿಯ ಒಂದು ಸಾಲಿನ ಎದುರು ಮಾವ ತಾವೇ ಟಿಕ್ ಹಾಕಿಟ್ಟಿದ್ದರು: "ಮೂರು ತಿಂಗಳ ಮುಂಚಿತ ನೋಟಿಸ್ ನೀಡಿ ಈ ಕರಾರನ್ನು ರದ್ದುಪಡಿಸಬಹುದು."

"ಮಾವ, ಯಾರು ರದ್ದು ಮಾಡಬಹುದು ಅಂತ ಇದರಲ್ಲಿ ಎಲ್ಲಿದೆ ತೋರಿಸಿ" ಅಂದೆ.

"ಇಬ್ಬರೂ ಅಂತ ತಾನೇ ಅರ್ಥ. ಬೇಡ ಅಂದ್ರೆ ಬಿಡಿಸ್ಕೋಬಹುದು ಅಂತ ಪತ್ರ ತಂದುಕೊಟ್ಟ ಕಂಪನಿ ಹುಡುಗನೂ ಹೇಳಿದ್ದ."

ಇಂಗ್ಲಿಷಿನಲ್ಲಿ ವಾಕ್ಯ ಶುರುವಾಗುತ್ತಿದ್ದುದೇ 'ಲೆಸೀ' ಎಂಬ ಪದದಿಂದ. ರದ್ದುಪಡಿಸುವ ಹಕ್ಕು ಕಂಪನಿಗೆ ಮಾತ್ರ. ಜಮೀನು ಕೊಟ್ಟವರು ಬಿಡಿಸಿಕೊಳ್ಳಬೇಕಾದರೆ ಬಾಡಿಗೆ ಸತತವಾಗಿ ಬಾಕಿ ಉಳಿದಿರಬೇಕು ಎಂದು ಮುಂದಿನ ಕಲಂ ಹೇಳುತ್ತಿತ್ತು. ಕನ್ನಡದಲ್ಲಿ ಕರ್ತೃಪದ ಇಲ್ಲದೆಯೇ ವಾಕ್ಯ ಸರಾಗವಾಗಿ ನಿಲ್ಲುತ್ತದೆ. ಬಂದರು, ಹೋದರು, ಕೊಡಬೇಕು, ಬಿಡಬಹುದು ಎಂದರೆ ಯಾರೆಂಬುದು ಸಂದರ್ಭದಿಂದ ತಿಳಿಯುತ್ತದೆ. ಮಾತಿನಲ್ಲಿ ಅದು ಸೊಗಸು, ಕರಾರಿನಲ್ಲಿ ಅದು ಅಪಾಯ. ಓದುವವರು ಆ ಖಾಲಿ ಜಾಗದಲ್ಲಿ ತಮ್ಮನ್ನೇ ಕೂರಿಸಿಕೊಳ್ಳುತ್ತಾರೆ. ಕನ್ನಡ ಪ್ರತಿಯ ಪ್ರತಿ ಕ್ರಿಯಾಪದಕ್ಕೂ "ಯಾರು?" ಎಂದು ಕೇಳಿ. ಉತ್ತರ ಅದೇ ವಾಕ್ಯದಲ್ಲಿ ಸಿಗದಿದ್ದರೆ ಗುರುತು ಹಾಕಿ.

'ಆ ಹುಡುಗ ಹೇಳಿದ್ದ' ಎಂಬ ಮಾತಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ ಎಂಬುದನ್ನೂ ಹೇಳಬೇಕು. ಬರವಣಿಗೆಯಲ್ಲಿ ಆದ ಕರಾರಿನ ಷರತ್ತನ್ನು ಬಾಯಿಮಾತಿನ ಸಾಕ್ಷ್ಯದಿಂದ ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಹಾಗಿತ್ತು, ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೇ ಇದೆ. ಮೋಸ ಅಥವಾ ಪರಸ್ಪರ ತಪ್ಪು ತಿಳುವಳಿಕೆ ನಡೆದಿದೆ ಎಂದು ತೋರಿಸಲು ಅವಕಾಶವಿದೆ, ಆದರೆ ಅದನ್ನು ರುಜುವಾತು ಮಾಡುವ ಹೊರೆ ನಿಮ್ಮದೇ.

ತಕ್ಕದ್ದು ಮತ್ತು ಬಹುದು

ಅವಧಿ ಮುಗಿದ ಮೇಲೆ ಫಲಕ, ಕಂಬ, ಕಾಂಕ್ರೀಟ್ ಬುನಾದಿ ತೆಗೆದು ಜಮೀನನ್ನು ಮೊದಲಿದ್ದ ಸ್ಥಿತಿಗೆ ತರುವ ಬಗ್ಗೆ ಕನ್ನಡ ಪ್ರತಿ "ತೆರವುಗೊಳಿಸತಕ್ಕದ್ದು" ಎಂದಿತ್ತು. ಇಂಗ್ಲಿಷಿನಲ್ಲಿ 'ಮೇ ರಿಮೂವ್', ಅಂದರೆ ಬೇಕಾದರೆ ತೆಗೆಯಬಹುದು. ಬೇಡವಾದರೆ ಮೂರೂವರೆ ಎಕರೆಯಲ್ಲಿ ಹೂತ ಕಾಂಕ್ರೀಟನ್ನು ಮಾವನ ಮೊಮ್ಮಕ್ಕಳು ಕೀಳಿಸಬೇಕು.

ಇಂಗ್ಲಿಷ್ ಕರಾರಿನಲ್ಲಿ 'ಶಲ್' ಎಂದರೆ ಮಾಡಲೇಬೇಕು, 'ಮೇ' ಎಂದರೆ ಮಾಡುವುದು ಬಿಡುವುದು ಅವರ ಇಷ್ಟ. ನಮ್ಮ ದಸ್ತಾವೇಜು ಭಾಷೆಯಲ್ಲಿ 'ತಕ್ಕದ್ದು', 'ಬೇಕು' ಮೊದಲನೆಯದಕ್ಕೂ, 'ಬಹುದು' ಎರಡನೆಯದಕ್ಕೂ ಸರಿಹೊಂದುತ್ತವೆ. 'ಬಹುದು'ವಿನಲ್ಲಿ ಇನ್ನೊಂದು ತೊಡಕಿದೆ. "ಮಳೆ ಬರಬಹುದು" ಎಂಬಂತೆ ಅದಕ್ಕೆ ಸಂಭವ ಎಂಬ ಅರ್ಥವೂ ಇದೆ. "ಕಂಪನಿಯು ಪರಿಹಾರ ನೀಡಬಹುದು" ಎಂದಿದ್ದರೆ ಕೊಟ್ಟಾರು ಎಂದು ಹಿತವಾಗಿ ಕೇಳಿಸುತ್ತದೆ, ಕೊಡಬೇಕಾದ ಕಟ್ಟುಪಾಡು ಅದರಲ್ಲಿ ಇಲ್ಲ. ನಿಷೇಧದ ಕಡೆಯೂ ಹುಷಾರು. 'ಮಾಡಬಾರದು' ಎಂದರೆ ತಡೆ, 'ಮಾಡಬೇಕಾಗಿಲ್ಲ' ಎಂದರೆ ಬಿಡುಗಡೆ. ಅನುವಾದದಲ್ಲಿ ಇವೆರಡು ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಅರ್ಥ ಪೂರ್ತಿ ಮಗುಚಿಕೊಳ್ಳುತ್ತದೆ.

ಈ ಒಂದು ಕ್ರಿಯಾಪದಕ್ಕೆ ಯುದ್ಧವೇ ನಡೆದಿದೆ. 1889ರಲ್ಲಿ ಇಥಿಯೋಪಿಯಾದ ಎರಡನೇ ಮೆನೆಲಿಕ್ ಮತ್ತು ಇಟಲಿಯ ನಡುವೆ ವುಚಾಲೆ ಒಪ್ಪಂದ ಅಮ್ಹಾರಿಕ್ ಹಾಗೂ ಇಟಾಲಿಯನ್ ಭಾಷೆಗಳಲ್ಲಿ ಆಯಿತು. ಅದರ 17ನೇ ಕಲಂ ಅಮ್ಹಾರಿಕ್ ಪ್ರತಿಯಲ್ಲಿ, ಹೊರದೇಶಗಳ ಜೊತೆಗಿನ ವ್ಯವಹಾರಕ್ಕೆ ಇಥಿಯೋಪಿಯಾ ಇಟಲಿಯ ನೆರವು ಪಡೆಯಬಹುದು ಎನ್ನುತ್ತಿತ್ತು. ಇಟಾಲಿಯನ್ ಪ್ರತಿಯ ಪ್ರಕಾರ ಅದು ಇಟಲಿಯ ಮೂಲಕವೇ ವ್ಯವಹರಿಸಬೇಕಿತ್ತು. ಅದನ್ನೇ ಹಿಡಿದು ಇಟಲಿ ಇಡೀ ದೇಶ ತನ್ನ ರಕ್ಷಣೆಯಲ್ಲಿದೆ ಎಂದು ಸಾರಿತು. ಮೆನೆಲಿಕ್ ಒಪ್ಪಂದವನ್ನೇ ತಳ್ಳಿಹಾಕಿದರು. 1896ರಲ್ಲಿ ಅದ್ವಾದಲ್ಲಿ ಕಾಳಗವಾಗಿ ಇಟಲಿ ಸೋತಿತು.

ಕನ್ನಡವೇ ಹೆಚ್ಚು ಕೊಟ್ಟಿದ್ದ ಜಾಗ

ವ್ಯತ್ಯಾಸ ಎಂದರೆ ಇಂಗ್ಲಿಷ್ ಯಾವಾಗಲೂ ನಮಗೆ ವಿರುದ್ಧ ಎಂದೇನಲ್ಲ. ಮಾವನಿಗೆ ನಿದ್ದೆಗೆಡಿಸಿದ್ದು ಕನ್ನಡದ ಈ ಸಾಲು: "ಕಂಪನಿಯು ಬ್ಯಾಂಕ್ ಸಾಲಕ್ಕಾಗಿ ಜಮೀನನ್ನು ಅಡಮಾನ ಮಾಡಬಹುದು." ಇಂಗ್ಲಿಷಿನಲ್ಲಿ ಅಡಮಾನ ಮಾಡುವುದು 'ಲೀಸ್‌ಹೋಲ್ಡ್' ಹಕ್ಕನ್ನು, ಅಂದರೆ ಕಂಪನಿಗೆ ಈ ಗುತ್ತಿಗೆಯಿಂದ ಸಿಕ್ಕ ಅನುಭವದ ಹಕ್ಕನ್ನು ಮಾತ್ರ. ಜಮೀನಿನ ಒಡೆತನ ಅದರಲ್ಲಿ ಬರುವುದಿಲ್ಲ. ಇಂಗ್ಲಿಷೇ ಅಂತಿಮವಾದ್ದರಿಂದ ಇಲ್ಲಿ ಆ ಕಲಂ ಮಾವನನ್ನೇ ಕಾಯುತ್ತಿತ್ತು. ಹಾಗೆಂದು ಕನ್ನಡವನ್ನು ಹಾಗೇ ಬಿಡಬಾರದು. ಮುಂದೆ ಯಾರಾದರೂ ಕನ್ನಡ ಪ್ರತಿಯನ್ನಷ್ಟೇ ಓದಿ ಜಮೀನನ್ನೇ ಅಡವಿಟ್ಟಿದ್ದಾರೆ ಎಂದುಕೊಂಡರೆ ಮನೆಯೊಳಗೇ ಜಗಳ ಏಳುತ್ತದೆ.

ಪಟ್ಟಿ ಬರೆಯುವುದು

ಸಿಕ್ಕ ವ್ಯತ್ಯಾಸಗಳನ್ನು ಪತ್ರದ ಅಂಚಿನಲ್ಲಿ ಗೀಚಬೇಡಿ, ಬೇರೆ ಹಾಳೆಯಲ್ಲಿ ಬರೆಯಿರಿ. ಒಂದೊಂದು ವ್ಯತ್ಯಾಸಕ್ಕೆ ಐದು ವಿಷಯ ಬೇಕು: ಕಲಂ ಸಂಖ್ಯೆ, ಕನ್ನಡದ ಮೂಲ ಮಾತು ಅಕ್ಷರಶಃ, ಇಂಗ್ಲಿಷಿನ ಮೂಲ ಮಾತು ಅಕ್ಷರಶಃ, ಇದರಿಂದ ಯಾರಿಗೆ ಏನು ವ್ಯತ್ಯಾಸ, ನೀವು ಕೇಳುವ ತಿದ್ದುಪಡಿ. ನಮ್ಮ ಪಟ್ಟಿಯ ಒಂದು ನಮೂದು ಹೀಗಿತ್ತು: "ಬಾಡಿಗೆ ಏರಿಕೆಯ ಕಲಂ. ಕನ್ನಡದಲ್ಲಿ 'ಬಾಡಿಗೆಯ ಮೇಲೆ'. ಇಂಗ್ಲಿಷಿನಲ್ಲಿ 'ಬೇಸ್ ರೆಂಟ್' ಮೇಲೆ, ಮೊದಲ ಕಲಮಿನ ವ್ಯಾಖ್ಯೆಯಂತೆ 25,000. ಕೊನೆಯ ವರ್ಷ ಎಕರೆಗೆ 5,891 ರೂ. ಕಡಿಮೆ. ಇಂಗ್ಲಿಷಿನಲ್ಲಿ 'ಹಿಂದಿನ ವರ್ಷ ಸಲ್ಲಬೇಕಾದ ಬಾಡಿಗೆಯ ಮೇಲೆ' ಎಂದು ತಿದ್ದಬೇಕು." ಮೂಲ ಮಾತನ್ನು ಅಕ್ಷರಶಃ ಬರೆಯುವುದು ಮುಖ್ಯ. 'ಬಾಡಿಗೆ ವಿಚಾರ ಸರಿಯಿಲ್ಲ' ಎಂದು ಬರೆದುಕೊಂಡು ಹೋದರೆ ಎದುರಿನವರು "ಸರಿಯಾಗೇ ಇದೆಯಲ್ಲ" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಪಟ್ಟಿ ಉದ್ದವಾದರೆ ವಿಂಗಡಿಸಿ. ಪದ ಬೇರೆ, ಅರ್ಥ ಒಂದೇ ಆಗಿರುವುದನ್ನು ಹೊಡೆದುಹಾಕಿ. ಒಂದು ಕಡೆ 'ಪಾವತಿ', ಇನ್ನೊಂದು ಕಡೆ 'ಸಂದಾಯ' ಎಂಬುದಕ್ಕೆ ಜಗಳ ಬೇಡ. ದುಡ್ಡು, ಅವಧಿ, ಸ್ವಾಧೀನ, ರದ್ದತಿ ಇವುಗಳನ್ನು ಮುಟ್ಟುವ ವ್ಯತ್ಯಾಸಗಳು ಮೇಲೆ ಬರಲಿ. ದಿನದ ಲೆಕ್ಕವನ್ನೂ ಇಲ್ಲೇ ಸೇರಿಸಿ. ನೋಟಿಸ್ 'ಕಳಿಸಿದ' ದಿನದಿಂದ ಎಂದು ಒಂದು ಕಡೆ, 'ತಲುಪಿದ' ದಿನದಿಂದ ಎಂದು ಇನ್ನೊಂದು ಕಡೆ ಇದ್ದರೆ, ಹಳ್ಳಿಗೆ ಅಂಚೆ ಬರುವಷ್ಟರಲ್ಲಿ ನಿಮ್ಮ ಗಡುವಿನ ಒಂದಷ್ಟು ದಿನ ಕಳೆದುಹೋಗಿರುತ್ತದೆ.

ಯಾವ ಪ್ರತಿಯನ್ನು ತಿದ್ದಿಸಬೇಕು

ಇಲ್ಲಿ ಬಹಳ ಜನ ಎಡವುತ್ತಾರೆ. ವ್ಯತ್ಯಾಸ ತೋರಿಸಿದಾಗ ಕಂಪನಿಯವರು "ಕನ್ನಡದಲ್ಲಿ ಸರಿಪಡಿಸಿ ಕೊಡ್ತೀವಿ" ಎಂದು ಒಪ್ಪಿಕೊಳ್ಳುತ್ತಾರೆ. ಕನ್ನಡದಲ್ಲಿ ನಿಮಗೆ ಬೇಕಾದಂತೆ ಎಷ್ಟು ಬರೆಸಿದರೂ, ಅಂತಿಮ ಪ್ರತಿ ಇಂಗ್ಲಿಷ್ ಆಗಿರುವ ತನಕ ಅದರಿಂದ ಏನೂ ಸಿಗುವುದಿಲ್ಲ. ತಿದ್ದುಪಡಿ ಅಂತಿಮ ಪ್ರತಿಯಲ್ಲಿ ಮೊದಲು ಆಗಬೇಕು, ಕನ್ನಡ ಅದನ್ನು ಅನುಸರಿಸಬೇಕು.

ಕಲಮನ್ನೇ ಬದಲಿಸಿ ಕನ್ನಡ ಅಂತಿಮ ಎಂದು ಬರೆಸಲು ಕೇಳಬಹುದೇ? ಕೇಳಬಹುದು, ಕಾನೂನಿನಲ್ಲಿ ಅಡ್ಡಿಯಿಲ್ಲ. ಕಂಪನಿಗೆ ಸಾಲ ಕೊಡುವ ಬ್ಯಾಂಕು ಇಂಗ್ಲಿಷ್ ಪತ್ರವನ್ನೇ ಕೇಳುತ್ತದೆ ಎಂಬ ಕಾರಣ ಕೊಟ್ಟು ಹೆಚ್ಚಿನವರು ಒಪ್ಪುವುದಿಲ್ಲ. ಆಗ ಒಂದು ನಡುವಿನ ದಾರಿ ಇದೆ. ವಿಸ್ತೀರ್ಣ, ಬಾಡಿಗೆ ಮತ್ತು ರದ್ದತಿಯ ಕಲಮುಗಳಿಗೆ ಮಾತ್ರ ಕನ್ನಡ ಪ್ರತಿ ಅಂತಿಮ, ಉಳಿದದ್ದಕ್ಕೆ ಇಂಗ್ಲಿಷ್ ಎಂದು ಬರೆಸುವುದು. ಇದನ್ನು ಒಪ್ಪಿಸುವುದು ಅಷ್ಟು ಕಷ್ಟವಲ್ಲ.

ಬಾಡಿಗೆಯ ಬಗ್ಗೆ ಮಾತಿನಿಂದ ಅರ್ಥ ನಿಲ್ಲಿಸುವುದಕ್ಕಿಂತ ಲೆಕ್ಕದಿಂದ ನಿಲ್ಲಿಸುವುದು ಭದ್ರ. 28 ವರ್ಷಕ್ಕೂ ವರ್ಷವಾರು ಬಾಡಿಗೆಯ ಕೋಷ್ಟಕ ಮಾಡಿಸಿ, ಎರಡೂ ಪ್ರತಿಗೆ ಅದೇ ಒಂದನ್ನು ಅನುಬಂಧವಾಗಿ ಲಗತ್ತಿಸಿ. ಅಂಕಿಗೆ ಅನುವಾದ ಬೇಕಿಲ್ಲ.

ತಿದ್ದಿದ ಪ್ರತಿ ಬಂದಾಗ ಬರೀ ತಿದ್ದಿದ ಸಾಲನ್ನು ನೋಡಿ ಸಹಿ ಹಾಕಬೇಡಿ. ಪಟ್ಟಿ ಎದುರಿಗಿಟ್ಟುಕೊಂಡು ಎರಡೂ ಭಾಷೆಯಲ್ಲಿ ಮತ್ತೆ ಓದಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಹಾಗಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಕಟ್ಟಿನಲ್ಲಿ ಎರಡೂ ಭಾಷೆಯ ಹಾಳೆಗಳು ಇವೆಯೇ ನೋಡಿಕೊಳ್ಳಿ. ಇಂಗ್ಲಿಷ್ ಮಾತ್ರ ನೋಂದಣಿಯಾಗಿ ಕನ್ನಡ ನಿಮ್ಮ ಕೈಯಲ್ಲಿ ಉಳಿದರೆ ಅದರ ಬೆಲೆ ಇನ್ನೂ ಇಳಿಯುತ್ತದೆ.

ಈಗಾಗಲೇ ಸಹಿ, ನೋಂದಣಿ ಆಗಿಹೋಗಿದ್ದರೆ? ಎದುರಿನವರು ಒಪ್ಪಿದರೆ ತಿದ್ದುಪಡಿ ಪತ್ರ ಮಾಡಿ ಅದನ್ನೂ ನೋಂದಾಯಿಸಬಹುದು. 3.20 ಎಕರೆಯಂಥ ಎದ್ದು ಕಾಣುವ ತಪ್ಪಿಗೆ ಪಹಣಿಯೇ ಆಧಾರ, ಅದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೆ, ಮೋಸದಿಂದ ಅಥವಾ ಇಬ್ಬರ ಪರಸ್ಪರ ತಪ್ಪಿನಿಂದ ಪತ್ರ ನಿಜವಾದ ಉದ್ದೇಶವನ್ನು ಹೇಳುತ್ತಿಲ್ಲ ಎಂದು ತೋರಿಸಿ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಡಿ ಪತ್ರ ತಿದ್ದಿಸಲು ನ್ಯಾಯಾಲಯಕ್ಕೆ ಹೋಗಬಹುದು. ಅದಕ್ಕೆ ವಕೀಲರು ಬೇಕು. ಕೃಷಿ ಜಮೀನನ್ನು ಹೀಗೆ ಗುತ್ತಿಗೆ ಕೊಡಲು ಭೂಪರಿವರ್ತನೆ ಮುಂತಾದ ಯಾವ ಅನುಮತಿ ಬೇಕು ಎಂಬುದನ್ನೂ ಅವರಲ್ಲೇ ಕೇಳಿ. ಪತ್ರ ಓದುವುದರಿಂದ ಆ ಪ್ರಶ್ನೆ ತೀರುವುದಿಲ್ಲ.

ಮಾವನ ಪತ್ರಕ್ಕೆ ಏನಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ಐದು ವ್ಯತ್ಯಾಸಗಳ ಪಟ್ಟಿ ಕೊಟ್ಟ ಮೂರು ವಾರಕ್ಕೆ ಹೊಸ ಕರಡು ಬಂತು. ವಿಸ್ತೀರ್ಣ ಇಂಗ್ಲಿಷಿನಲ್ಲೂ 3 ಎಕರೆ 20 ಗುಂಟೆ ಆಗಿತ್ತು. ಬಾಡಿಗೆಯ ಕೋಷ್ಟಕ ಸೇರಿತ್ತು, ಕೊನೆಯ ಸಾಲಿನಲ್ಲಿ 47,141 ಇತ್ತು. ಬುನಾದಿ ಕೀಳುವುದಕ್ಕೆ 'ಶಲ್' ಬಂದಿತ್ತು. ಅಡಮಾನದ ಕನ್ನಡ ಸಾಲೂ ಸರಿಯಾಗಿತ್ತು. ರದ್ದತಿಯ ಹಕ್ಕನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಕನ್ನಡದಲ್ಲಿ "ಗುತ್ತಿಗೆ ಪಡೆದ ಕಂಪನಿಯು ಮಾತ್ರ" ಎಂದು ಸ್ಪಷ್ಟವಾಗಿ ಸೇರಿಸಿ ಕಳಿಸಿದ್ದರು. ಮಾವ ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದರು. "ಈಗ ಗೊತ್ತಾಯ್ತು. ಮನೇಲಿ ಮಕ್ಕಳನ್ನ ಕೂರಿಸ್ಕೊಂಡು ಕೇಳ್ತೀನಿ" ಎಂದು ಪತ್ರವನ್ನು ಸಹಿ ಹಾಕದೆ ಕವರಿಗೆ ಹಾಕಿಕೊಂಡು ಮಧುಗಿರಿ ಬಸ್ಸು ಹತ್ತಿದರು.